ಫೋಟೊದ ಪದರಗಳು: ಹಿಂದಿನ ಪರದೆ ಬೇರೆ ಯಾಕೆ ಇರಬೇಕು?

ಮನೆಯ ಹಿರಿಯರು ತೀರಿಹೋದ ಮೇಲೆ ಅವರ ಫೋಟೊ ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಅವರು ಒಬ್ಬರೇ ಕೂತು ತೆಗೆಸಿದ ಫೋಟೊ ಇರುವುದೇ ಇಲ್ಲ. ಯಾರದೋ ಲಗ್ನದಲ್ಲಿ ಹತ್ತು ಮಂದಿಯ ನಡುವೆ ನಿಂತ ಫೋಟೊ ಒಂದು ಇರುತ್ತದೆ. ಅದನ್ನೇ ಹಿಡಿದು ಸ್ಟುಡಿಯೊಕ್ಕೆ ಹೋಗುತ್ತೇವೆ.

ಅಕ್ಕಲಕೋಟೆ, ಜತ್ತ ಕಡೆಯ ಯಾವ ಪೇಟೆಯಲ್ಲಾದರೂ ಸ್ಟುಡಿಯೊ ಬಾಗಿಲಲ್ಲಿ ನಿಂತರೆ ಇಂಥ ಮಾತು ಕೇಳುತ್ತದೆ.

"ತಮ್ಮಾ, ನಮ್ಮ ಅತ್ತೆಯವರ ಫೋಟೊ ಇದೊಂದ ಐತಿ. ಹಿಂದ ಲಗ್ನದ ಮಂದಿ ಕಾಣ್ತಾರ. ಅವ್ರನ್ನ ತಗದು ಅತ್ತೆಯವರನ್ನ ಅಷ್ಟ ಉಳಿಸಿ ಕೊಡ್ತೀಯೇನು?"

"ಕೊಡ್ತೀನ್ರಿ ಅಕ್ಕಾರ. ಹಿಂದ ಯಾವ ಬಣ್ಣ ಹಾಕಲಿ? ನೀಲಿ ಹಾಕಲ್ಯೊ, ಬಿಳಿ ಹಾಕಲ್ಯೊ?"

"ನೀಲಿ ಹಾಕು. ಚೆಂದ ಕಾಣಲಿಲ್ಲ ಅಂದ್ರ ಬ್ಯಾರೆ ಹಾಕಾಕ ಬರ್ತೈತೇನು?"

ಅಕ್ಕನ ಈ ಕೊನೆಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಬಣ್ಣ ಬೇರೆ ಹಾಕಲು ಬರುತ್ತದೋ ಇಲ್ಲವೋ ಎಂಬುದು ಹುಡುಗ ಕೆಲಸವನ್ನು ಹೇಗೆ ಮಾಡಿದ ಎಂಬುದರ ಮೇಲೆ ನಿಂತಿದೆ. ಅತ್ತೆಯವರನ್ನು ಒಂದು ಪದರದಲ್ಲಿ, ಹಿಂದಿನ ಬಣ್ಣವನ್ನು ಇನ್ನೊಂದು ಪದರದಲ್ಲಿ ಇಟ್ಟಿದ್ದರೆ ಒಂದೇ ನಿಮಿಷದ ಕೆಲಸ. ಎರಡನ್ನೂ ಒಂದರಲ್ಲೇ ಬೆರೆಸಿಬಿಟ್ಟಿದ್ದರೆ ಮತ್ತೆ ಮೊದಲಿನಿಂದ ಕತ್ತರಿಸುತ್ತ ಕೂರಬೇಕು. ಇದ್ದ ಒಂದೇ ಫೋಟೊದ ಮೇಲೆಯೇ ಅಳಿಸಿ, ಹಾಗೆಯೇ ಉಳಿಸಿದ್ದರೆ? ಆಗ ಆ ಫೋಟೊ ಹೋದಂತೆಯೇ.

ಪದರಕ್ಕೆ ಕಂಪ್ಯೂಟರಿನಲ್ಲಿ ಲೇಯರ್ ಎನ್ನುತ್ತಾರೆ. ಅದು ಏನು ಅಂತ ನೋಡೋಣ.

ನಾಟಕದ ಪರದೆ

ಕಂಪನಿ ನಾಟಕ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ರಂಗದ ಹಿಂದೆ ದೊಡ್ಡ ಪರದೆ ಇಳಿಬಿಟ್ಟಿರುತ್ತಾರೆ. ಒಂದರ ಮೇಲೆ ಅರಮನೆ ಬರೆದಿರುತ್ತದೆ. ಇನ್ನೊಂದರ ಮೇಲೆ ಕಾಡು. ಮತ್ತೊಂದರ ಮೇಲೆ ಊರ ಬೀದಿ. ರಾಜನ ಪಾತ್ರಧಾರಿ ಮುಂದೆ ನಿಂತಿರುತ್ತಾನೆ. ಹಿಂದೆ ಹಗ್ಗ ಎಳೆದರೆ ಅರಮನೆ ಮೇಲೆ ಹೋಗುತ್ತದೆ, ಕಾಡು ಕೆಳಗೆ ಬರುತ್ತದೆ. ರಾಜ ಇದ್ದಲ್ಲೇ ಇದ್ದಾನೆ. ಅವನ ಕಿರೀಟ ಅಲುಗಿಲ್ಲ, ಬಣ್ಣ ಅಳಿಸಿಲ್ಲ. ಆದರೆ ನಮ್ಮ ಕಣ್ಣಿಗೆ ಅವನು ಈಗ ಕಾಡಿನಲ್ಲಿದ್ದಾನೆ.

ರಾಜನನ್ನೂ ಪರದೆಯ ಮೇಲೆಯೇ ಬಣ್ಣದಲ್ಲಿ ಬರೆದಿದ್ದರೆ ಏನಾಗುತ್ತಿತ್ತು? ಪರದೆ ಎಳೆದರೆ ರಾಜನೂ ಮೇಲೆ ಹೋಗುತ್ತಿದ್ದ. ಕಾಡು ಬೇಕೆಂದರೆ ರಾಜನನ್ನು ಮತ್ತೊಮ್ಮೆ ಬರೆಯಬೇಕಿತ್ತು.

ಮೊಬೈಲಿನಲ್ಲಿ ತೆಗೆದ ಫೋಟೊ ಇಂಥದ್ದೇ, ಪರದೆಯ ಮೇಲೆ ರಾಜನನ್ನೂ ಬರೆದ ಹಾಗೆ. ಅದರಲ್ಲಿ ಅತ್ತೆಯವರು, ಹಿಂದಿನ ಗೋಡೆ, ಪಕ್ಕದ ಮಂದಿ ಎಲ್ಲ ಒಂದೇ ಹಾಳೆಯಲ್ಲಿ ಇದ್ದಾರೆ. ನಾವು ನೋಡಿದಾಗ ಗೋಡೆ ಹಿಂದೆ, ಮನುಷ್ಯರು ಮುಂದೆ ಎಂದು ಅನ್ನಿಸುತ್ತದೆ. ಆದರೆ ಫೋಟೊದ ಒಳಗೆ ಹಿಂದೆ ಮುಂದೆ ಎಂಬುದು ಇಲ್ಲ. ಎಲ್ಲವೂ ಒಂದೇ ಮಟ್ಟದಲ್ಲಿ ಅಂಟಿಕೊಂಡಿದೆ.

ಮನೆಯಲ್ಲೇ ಪದರ ಮಾಡಿ ನೋಡಬಹುದು. ಒಂದು ಬಿಳಿ ಹಾಳೆಯ ಮೇಲೆ ಗುಡ್ಡ, ಸೂರ್ಯ ಬರೆಯಿರಿ. ಅದರ ಮೇಲೆ ಒಂದು ತೆಳು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಡಿ. ಪಾರದರ್ಶಕ ಎಂದರೆ ಅದರ ಮೂಲಕ ಆಚೆ ಕಾಣುವಂಥದ್ದು. ಪ್ಲಾಸ್ಟಿಕ್ ಮೇಲೆ ಸ್ಕೆಚ್ ಪೆನ್ನಿನಿಂದ ಒಂದು ಎತ್ತು ಬರೆಯಿರಿ. ಮೇಲಿನಿಂದ ನೋಡಿದರೆ ಎತ್ತು ಗುಡ್ಡದ ಮುಂದೆ ನಿಂತಿದೆ. ಪ್ಲಾಸ್ಟಿಕ್ ಸರಿಸಿದರೆ ಎತ್ತು ನಡೆಯುತ್ತದೆ, ಗುಡ್ಡ ಅಲುಗುವುದಿಲ್ಲ. ಕೆಳಗಿನ ಹಾಳೆ ತೆಗೆದು ಕೆರೆಯ ಚಿತ್ರ ಇಟ್ಟರೆ ಎತ್ತು ಈಗ ಕೆರೆಯ ದಂಡೆಯಲ್ಲಿದೆ.

ಇದು ಆಟದ ಮಾತಲ್ಲ. ಕಾರ್ಟೂನ್ ಸಿನಿಮಾಗಳನ್ನು ಹೀಗೆಯೇ ಮಾಡುತ್ತಿದ್ದರು. 1914ರ ಸುಮಾರಿಗೆ ಅಮೆರಿಕದಲ್ಲಿ ಅರ್ಲ್ ಹರ್ಡ್ ಎಂಬಾತ ಈ ವಿಧಾನಕ್ಕೆ ಹಕ್ಕುಪತ್ರ ಕೇಳಿ ಅರ್ಜಿ ಹಾಕಿದ. ಅದಕ್ಕೆ ಮುಂಚೆ ಒಂದು ಬೆಕ್ಕು ಕಾಲು ಎತ್ತಿದರೂ ಹಿಂದಿನ ಮನೆ, ಗಿಡ, ಬೇಲಿ ಎಲ್ಲವನ್ನೂ ಪ್ರತಿ ಹಾಳೆಯಲ್ಲೂ ಮತ್ತೆ ಬರೆಯುವ ಕಷ್ಟ ಇತ್ತು. ಹಿಂದಿನ ಚಿತ್ರವನ್ನು ಒಮ್ಮೆ ಬರೆದು, ಅಲುಗುವ ಬೆಕ್ಕನ್ನು ಪಾರದರ್ಶಕ ಹಾಳೆಗಳ ಮೇಲೆ ಬರೆದರೆ ಆ ಕಷ್ಟ ತಪ್ಪಿತು. ಫೋಟೊ ತಿದ್ದುವ ಕಂಪ್ಯೂಟರ್ ತಂತ್ರಾಂಶಕ್ಕೂ ಇದೇ ಉಪಾಯ ಬಂತು. ಸ್ಟುಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಫೋಟೊಶಾಪ್‌ನಲ್ಲಿ ಲೇಯರ್ ಬಂದದ್ದು 1994ರಲ್ಲಿ.

ಒಂದು ಚುಕ್ಕಿಗೆ ಒಂದೇ ಬಣ್ಣ

ಒಂದೇ ಹಾಳೆಯಲ್ಲಿ ಇದ್ದರೆ ಏನು ತೊಂದರೆ? ಅಳಿಸಿ ಬರೆದರಾಯಿತಲ್ಲ ಎಂದು ಕೇಳಬಹುದು. ಇದಕ್ಕೆ ಫೋಟೊ ಹೇಗೆ ಆಗಿದೆ ಎಂದು ತಿಳಿಯಬೇಕು.

ಕಂಪ್ಯೂಟರಿನ ಫೋಟೊ ಎಂದರೆ ಸಣ್ಣ ಸಣ್ಣ ಚುಕ್ಕಿಗಳ ಸಾಲು. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ, ಆದರೆ ಲಕ್ಷಗಟ್ಟಲೆ. ಈ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ಪ್ರತಿ ಚುಕ್ಕಿಯ ಬಣ್ಣವನ್ನೂ ಕಂಪ್ಯೂಟರ್ ಮೂರು ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರ ತನಕ ಇರುತ್ತದೆ. ಮೂರೂ 0 ಆದರೆ ಕಪ್ಪು. ಮೂರೂ 255 ಆದರೆ ಬಿಳಿ.

ಈ ಚುಕ್ಕಿ ನಮ್ಮ ಪಾಟಿಯ ಹಾಗೆ. ಪಾಟಿಯ ಮೇಲೆ "ಅವ್ವ" ಎಂದು ಬರೆದಿದ್ದೀರಿ. ಅದನ್ನು ಒರೆಸಿ "ಅಪ್ಪ" ಎಂದು ಬರೆದಿರಿ. ಈಗ "ಅವ್ವ" ಎಲ್ಲಿದೆ? ಎಲ್ಲೂ ಇಲ್ಲ. ಹಾಗೆಯೇ ಗೋಡೆಯ ಹಸಿರು ಚುಕ್ಕಿಯ ಮೇಲೆ ನೀಲಿ ಬಳಿದರೆ ಹಸಿರಿನ ಅಂಕಿ ಹೋಯಿತು, ನೀಲಿಯ ಅಂಕಿ ಬಂತು. ಕೈತಪ್ಪಿ ಅತ್ತೆಯವರ ಕಿವಿಯ ಮೇಲೆ ನೀಲಿ ಬಿದ್ದರೆ ಕಿವಿಯ ಅಂಕಿಯೂ ಹೋಯಿತು. ನೀಲಿಯ ಅಡಿಯಲ್ಲಿ ಕಿವಿ ಅಡಗಿ ಕೂತಿಲ್ಲ.

"ವಾಪಸ್ ತರೂ ಗುಂಡಿ ಐತೆಲ್ರಿ?" ಎಂದು ಯಾರಾದರೂ ಕೇಳಿಯಾರು. ಇದೆ. `Ctrl` ಒತ್ತಿ ಹಿಡಿದು `Z` ಒತ್ತಿದರೆ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಆದರೆ ಅದು ಕೆಲಸ ನಡೆದಿರುವಾಗ ಮಾತ್ರ. ಫೋಟೊ ಉಳಿಸಿ, ಮುಚ್ಚಿ, ನಾಳೆ ತೆರೆದರೆ ಹಿಂದೆ ಹೋಗಲು ಹೆಜ್ಜೆಗಳೇ ಇರುವುದಿಲ್ಲ.

ಪದರಗಳು ಬಂದರೆ ಲೆಕ್ಕ ಬದಲಾಗುತ್ತದೆ. ಎರಡು ಪದರ ಎಂದರೆ ಎರಡು ಪಾಟಿ. ಒಂದೇ ಜಾಗದಲ್ಲಿ ಮೇಲಿನ ಪಾಟಿಗೆ ಒಂದು ಚುಕ್ಕಿ, ಕೆಳಗಿನ ಪಾಟಿಗೆ ಇನ್ನೊಂದು ಚುಕ್ಕಿ. ಮೇಲಿನದನ್ನು ಮುಟ್ಟಿದರೆ ಕೆಳಗಿನದು ಹಾಳಾಗುವುದಿಲ್ಲ.

ಆದರೆ ಪಾಟಿ ಕರ್ರಗೆ ಇರುತ್ತದೆ, ಅದರ ಮೂಲಕ ಆಚೆ ಕಾಣುವುದಿಲ್ಲ. ಮೇಲಿನ ಪದರ ಪ್ಲಾಸ್ಟಿಕ್ ಹಾಳೆಯ ಹಾಗೆ ಆಗಬೇಕಲ್ಲ. ಅದಕ್ಕಾಗಿ ಪ್ರತಿ ಚುಕ್ಕಿಗೆ ನಾಲ್ಕನೆಯ ಅಂಕಿ ಒಂದನ್ನು ಕೊಡುತ್ತಾರೆ. ಅದರ ಹೆಸರು ಆಲ್ಫಾ. ಆಲ್ಫಾ 255 ಇದ್ದರೆ ಆ ಚುಕ್ಕಿ ಪೂರ್ತಿ ಗಟ್ಟಿ, ಅದರ ಹಿಂದೆ ಏನೂ ಕಾಣುವುದಿಲ್ಲ. 0 ಇದ್ದರೆ ಪೂರ್ತಿ ಪಾರದರ್ಶಕ. ನಡುವಿನ ಅಂಕಿ ಇದ್ದರೆ ತೆಳು ಸೀರೆಯ ಹಿಂದೆ ಕಂಡಂತೆ ಅರ್ಧಂಬರ್ಧ ಕಾಣುತ್ತದೆ.

ಕ್ಯಾಮೆರಾದಿಂದ ಬರುವ ಸಾಮಾನ್ಯ ಫೋಟೊಕ್ಕೆ ಈ ನಾಲ್ಕನೆಯ ಅಂಕಿ ಇರುವುದಿಲ್ಲ. ಹೊಸಬರು ಮೊದಲು ಎಡವುವುದು ಇಲ್ಲೇ. ರಬ್ಬರಿನ ಚಿತ್ರ ಇರುವ ಉಪಕರಣ ತೆಗೆದುಕೊಂಡು ಗೋಡೆಯನ್ನು ಅಳಿಸುತ್ತಾರೆ. ಗೋಡೆ ಹೋಗಿ ಬಿಳಿ ಬರುತ್ತದೆ. "ಅಳಿಸಿತು" ಎಂದು ಖುಷಿಪಡುತ್ತಾರೆ. ನಿಜವಾಗಿ ಅದು ಅಳಿಸಿಲ್ಲ, ಬಿಳಿ ಬಣ್ಣ ಬಳಿದಿದೆ. ಪಾರದರ್ಶಕ ಎಂದು ಬರೆದಿಡಲು ಅಲ್ಲಿ ಜಾಗವೇ ಇಲ್ಲವಲ್ಲ, ಪಾಪ ಕಂಪ್ಯೂಟರ್ ಏನು ಮಾಡೀತು! ಅದರ ಅಡಿಗೆ ನೀಲಿ ಪದರ ಇಟ್ಟರೂ ನೀಲಿ ಕಾಣುವುದಿಲ್ಲ.

ಗುರುತು ಹೇಗೆ? ನಿಜವಾಗಿ ಪಾರದರ್ಶಕ ಆಗಿದ್ದರೆ ಆ ಜಾಗದಲ್ಲಿ ಬೂದು ಬಣ್ಣದ ಚೌಕಗಳು ಕಾಣುತ್ತವೆ, ಚೌಕಳಿ ಲುಂಗಿಯ ಹಾಗೆ. ಚೌಕಳಿ ಕಂಡರೆ "ಇಲ್ಲಿ ಏನೂ ಇಲ್ಲ, ಖಾಲಿ" ಎಂದು ಅರ್ಥ. ಅದು ಮುದ್ರಣದಲ್ಲಿ ಬರುವುದಿಲ್ಲ. ಬಿಳಿ ಕಂಡರೆ "ಇಲ್ಲಿ ಬಿಳಿ ಬಣ್ಣ ಇದೆ" ಎಂದು ಅರ್ಥ. ಬಿಳಿ ಬೇರೆ, ಖಾಲಿ ಬೇರೆ.

ತಳದ ಪದರಕ್ಕೆ ಬೀಗ

ಫೋಟೊಶಾಪ್‌ನಲ್ಲಿ ಒಂದು ಫೋಟೊ ತೆರೆದರೆ ಪದರಗಳ ಪಟ್ಟಿಯಲ್ಲಿ ಒಂದೇ ಸಾಲು ಕಾಣುತ್ತದೆ. ಅದರ ಹೆಸರು `Background`. ಬ್ಯಾಕ್‌ಗ್ರೌಂಡ್ ಎಂದರೆ ಹಿನ್ನೆಲೆ, ಹಿಂದೆ ಇರುವುದು. ಪಕ್ಕದಲ್ಲಿ ಒಂದು ಸಣ್ಣ ಬೀಗದ ಚಿತ್ರ ಇರುತ್ತದೆ. ಆ ಪದರವನ್ನು ಅತ್ತ ಇತ್ತ ಸರಿಸಲು ಬರುವುದಿಲ್ಲ. ಅದರ ಕೆಳಗೆ ಇನ್ನೊಂದು ಪದರ ತೂರಿಸಲು ಬರುವುದಿಲ್ಲ. ಅದರಲ್ಲಿ ಖಾಲಿ ಜಾಗ ಮಾಡಲೂ ಬರುವುದಿಲ್ಲ.

ಇದು ಕೆಟ್ಟದ್ದಕ್ಕೆ ಮಾಡಿದ್ದಲ್ಲ. ಚಿತ್ರಕ್ಕೆ ತಳ ಎಂದು ಒಂದು ಬೇಕು. ಪ್ಲಾಸ್ಟಿಕ್ ಹಾಳೆಗಳ ಕೆಳಗೆ ಕಾಗದ ಇದ್ದ ಹಾಗೆ, ನಾಟಕದ ಕೊನೆಯ ಪರದೆ ಇದ್ದ ಹಾಗೆ. ಅದು ಅಲುಗಬಾರದು, ಅದರಲ್ಲಿ ತೂತು ಇರಬಾರದು. ತೂತು ಇದ್ದರೆ ಪರದೆಯ ಹಿಂದಿನ ಬಿದಿರು, ಹಗ್ಗ ಎಲ್ಲ ಕಾಣುತ್ತದೆ! ಆ ಸಾಲಿನ ಮೇಲೆ ಮೌಸಿನಿಂದ ಎರಡು ಸಲ ಬೇಗ ಒತ್ತಿ `OK` ಎಂದರೆ ಬೀಗ ತೆಗೆಯುತ್ತದೆ. ಹೆಸರು `Layer 0` ಆಗುತ್ತದೆ. ಆಗ ಅದು ಉಳಿದ ಪದರಗಳ ಹಾಗೆಯೇ ಒಂದು ಪದರ.

ಇಲ್ಲಿ ಒಂದು ಮಾತು ತಲೆಯಲ್ಲಿ ಇರಲಿ. `Background` ಎಂದು ಹೆಸರು ಇದ್ದ ಮಾತ್ರಕ್ಕೆ ಅದರಲ್ಲಿ ಗೋಡೆ ಮಾತ್ರ ಇದೆ ಎಂದಲ್ಲ. ಹೊಸದಾಗಿ ತೆರೆದ ಫೋಟೊದಲ್ಲಿ ಅತ್ತೆಯವರೂ ಅದರಲ್ಲೇ ಇದ್ದಾರೆ. ಗೋಡೆಯಿಂದ ಅವರನ್ನು ಬಿಡಿಸುವುದು ನಮ್ಮ ಕೆಲಸ.

ಅತ್ತೆಯವರ ಫೋಟೊ ಬಿಡಿಸೋಣ

ಈ ಕೆಲಸವನ್ನು ಗಿಂಪ್ ಎಂಬ ತಂತ್ರಾಂಶದಲ್ಲಿ ನೋಡೋಣ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಪರದೆಯ ಮೇಲೆ ಅದರ ಹೆಸರು `GIMP` ಎಂದು ಕಾಣುತ್ತದೆ. ಫೋಟೊಶಾಪ್‌ನಲ್ಲಿ ಗುಂಡಿಗಳು ಬೇರೆ ಕಡೆ ಇದ್ದರೂ ದಾರಿ ಇದೇ.

ಮೊದಲು `File` ಒತ್ತಿ `Open` ಎಂಬಲ್ಲಿ ಲಗ್ನದ ಫೋಟೊ ತೆರೆಯಿರಿ. `Layers` ಎಂಬ ಪಟ್ಟಿ ಸಾಮಾನ್ಯವಾಗಿ ಬಲಗಡೆ ಇರುತ್ತದೆ. ಅದರಲ್ಲಿ ಒಂದೇ ಸಾಲು ಇರುತ್ತದೆ. ಸಾಲಿನ ಪಕ್ಕದಲ್ಲಿ ಒಂದು ಕಣ್ಣಿನ ಚಿತ್ರ. ಕಣ್ಣು ಇದ್ದರೆ ಆ ಪದರ ಕಾಣುತ್ತದೆ. ಕಣ್ಣಿನ ಮೇಲೆ ಒತ್ತಿದರೆ ಕಣ್ಣು ಮುಚ್ಚುತ್ತದೆ, ಪದರ ಮರೆಯಾಗುತ್ತದೆ. ಮರೆಯಾಗುವುದು ಅಷ್ಟೇ, ಅಳಿಸುವುದಿಲ್ಲ.

ಈಗ ಮೇಲಿನ ಪಟ್ಟಿಯಲ್ಲಿ `Layer` ಒತ್ತಿ `Duplicate Layer` ಆರಿಸಿ. ಫೋಟೊದ ಇನ್ನೊಂದು ಪ್ರತಿ ಮೇಲೆ ಬಂದು ಕೂರುತ್ತದೆ. ಕೆಳಗಿನದರ ಕಣ್ಣು ಮುಚ್ಚಿಬಿಡಿ. ಅದು ನಮ್ಮ ಮೂಲ ಪ್ರತಿ. ಕೆಲಸ ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ. ಕೆಲವರು "ಇಷ್ಟ್ಯಾಕ ಬೇಕು" ಎಂದು ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಇದಕ್ಕೆ ಎರಡು ಕ್ಷಣ ಸಾಕು.

ಮೇಲಿನ ಪದರಕ್ಕೆ ಆ ನಾಲ್ಕನೆಯ ಅಂಕಿ, ಆಲ್ಫಾ, ಇದೆಯೋ ಇಲ್ಲವೋ ನೋಡಿ. `Layer` ಒತ್ತಿ `Transparency` ಎಂಬಲ್ಲಿ `Add Alpha Channel` ಎಂಬ ಸಾಲು ಇದೆ. ಅದು ಒತ್ತಲು ಬಂದರೆ ಒತ್ತಿ. ಮಬ್ಬಾಗಿದ್ದು ಒತ್ತಲು ಬರದಿದ್ದರೆ ಆಲ್ಫಾ ಆಗಲೇ ಇದೆ ಎಂದು ತಿಳಿಯಿರಿ.

ಮುಂದಿನದು ತಾಳ್ಮೆಯ ಕೆಲಸ. `Free Select` ಎಂಬ ಉಪಕರಣ ತೆಗೆದುಕೊಳ್ಳಿ. ಅದರ ಚಿತ್ರ ಎತ್ತಿಗೆ ಹಾಕುವ ಹಗ್ಗದ ಕುಣಿಕೆಯ ಹಾಗಿದೆ. ಅತ್ತೆಯವರ ಅಂಚಿನ ಮೇಲೆ ಒಂದೊಂದೇ ಚುಕ್ಕಿ ಒತ್ತುತ್ತ ಸುತ್ತು ಬನ್ನಿ. ಭುಜದ ಹತ್ತಿರ ಗೆರೆ ನೇರ ಇರುತ್ತದೆ, ಚುಕ್ಕಿ ದೂರ ದೂರ ಇದ್ದರೆ ಸಾಕು. ಕಿವಿ, ಗದ್ದದ ಹತ್ತಿರ ಒತ್ತೊತ್ತಾಗಿ ಇಡಿ. ಸೆರಗಿನ ಮಡಿಕೆಯನ್ನು ಬಿಡಬೇಡಿ. ಕೊನೆಗೆ ಮೊದಲ ಚುಕ್ಕಿಯ ಮೇಲೆಯೇ ಒತ್ತಿ `Enter` ಕೊಟ್ಟರೆ ಸುತ್ತಲೂ ಒಂದು ಗೆರೆ ಓಡಾಡತೊಡಗುತ್ತದೆ, ಇರುವೆ ಸಾಲು ಹರಿದ ಹಾಗೆ. ಆ ಸಾಲಿನ ಒಳಗೆ ಇರುವುದೇ ಆರಿಸಿದ ಭಾಗ.

ಈಗ ಎರಡು ಸಣ್ಣ ಕೆಲಸ. ಅಂಚಿನಲ್ಲಿ ಇರುವ ಚುಕ್ಕಿಗಳು ಶುದ್ಧ ಕೂದಲಿನವೂ ಅಲ್ಲ, ಶುದ್ಧ ಗೋಡೆಯವೂ ಅಲ್ಲ. ಅರ್ಧ ಕೂದಲು, ಅರ್ಧ ಗೋಡೆ ಬೆರೆತಿರುತ್ತವೆ. ಗೋಡೆ ಹಸಿರು ಇದ್ದರೆ ಅಂಚಿನಲ್ಲಿ ಹಸಿರು ಛಾಯೆ ಉಳಿಯುತ್ತದೆ. ಹೊಸ ನೀಲಿಯ ಮುಂದೆ ನಿಲ್ಲಿಸಿದಾಗ ತಲೆಯ ಸುತ್ತ ಒಂದು ಹಸಿರು ದಾರ ಸುತ್ತಿದ ಹಾಗೆ ಕಾಣುತ್ತದೆ. ಎಷ್ಟೋ ಫ್ರೇಮುಗಳಲ್ಲಿ ಇದನ್ನು ನೋಡಿರುತ್ತೀರಿ. ಅದಕ್ಕೆ `Select` ಒತ್ತಿ `Shrink` ಎಂಬಲ್ಲಿ 1 ಎಂದು ಕೊಡಿ. ಇರುವೆ ಸಾಲು ಒಂದು ಚುಕ್ಕಿ ಒಳಗೆ ಸರಿಯುತ್ತದೆ, ಬೆರಕೆ ಚುಕ್ಕಿಗಳು ಹೊರಗೆ ಉಳಿಯುತ್ತವೆ. ಆಮೇಲೆ `Select` ಒತ್ತಿ `Feather` ಎಂಬಲ್ಲಿ 2 ಕೊಡಿ. ಇದು ಅಂಚನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಇಲ್ಲದಿದ್ದರೆ ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. 10, 20 ಕೊಟ್ಟರೆ ಅಂಚು ಮಂಜಾಗುತ್ತದೆ, ಅದೂ ಚೆಂದವಲ್ಲ.

ಕತ್ತರಿಸಬೇಡಿ, ಮುಸುಕು ಹಾಕಿ

ಇಲ್ಲಿ ಗೋಡೆಯನ್ನು ಅಳಿಸಿಬಿಡಬಹುದು. ಆದರೆ ಅದಕ್ಕಿಂತ ಒಳ್ಳೆಯ ದಾರಿ ಇದೆ. `Layer` ಒತ್ತಿ `Mask` ಎಂಬಲ್ಲಿ `Add Layer Mask` ಎಂದು ಇರುವ ಸಾಲು ಆರಿಸಿ. ಬರುವ ಚಿಕ್ಕ ಕಿಟಕಿಯಲ್ಲಿ `Selection` ಗುರುತಿಸಿ `Add` ಒತ್ತಿ. ತಕ್ಷಣ ಗೋಡೆಯೂ ಮಂದಿಯೂ ಮಾಯ. ಅತ್ತೆಯವರು ಒಬ್ಬರೇ ಚೌಕಳಿಯ ಮೇಲೆ ನಿಂತಿದ್ದಾರೆ.

ಮಾಸ್ಕ್ ಎಂದರೆ ಮುಸುಕು. ಗೋಡೆಯ ಮೇಲೆ ಬಟ್ಟೆ ಹೊದಿಸಿದ ಹಾಗೆ. ಗೋಡೆ ಅಡಿಯಲ್ಲಿ ಹಾಗೇ ಇದೆ. ಪದರದ ಸಾಲಿನಲ್ಲಿ ಈಗ ಎರಡು ಸಣ್ಣ ಚಿತ್ರ ಕಾಣುತ್ತವೆ. ಒಂದು ಫೋಟೊ, ಇನ್ನೊಂದು ಕಪ್ಪು ಬಿಳುಪಿನ ಮುಸುಕು. ಮುಸುಕು ಬಿಳಿ ಇದ್ದಲ್ಲಿ ಫೋಟೊ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ.

ಇದರ ಲಾಭ ಎಂಥದ್ದು ನೋಡಿ. ಚುಕ್ಕಿ ಇಡುವಾಗ ಕೈತಪ್ಪಿ ಅತ್ತೆಯವರ ಬುಗುಡಿ ಹೊರಗೆ ಉಳಿಯಿತು ಅನ್ನೋಣ. ಅಳಿಸಿದ್ದರೆ ಬುಗುಡಿ ಹೋಗುತ್ತಿತ್ತು. ಮುಸುಕು ಹಾಕಿದ್ದರಿಂದ ಅದು ಅಡಿಯಲ್ಲಿ ಇದೆ. `Select` ಒತ್ತಿ `None` ಕೊಟ್ಟು ಇರುವೆ ಸಾಲು ತೆಗೆಯಿರಿ. ಮುಸುಕಿನ ಸಣ್ಣ ಚಿತ್ರದ ಮೇಲೆ ಒತ್ತಿ. ಕುಂಚಕ್ಕೆ ಬಿಳಿ ಬಣ್ಣ ತೆಗೆದುಕೊಂಡು ಕಿವಿಯ ಹತ್ತಿರ ಮೆಲ್ಲಗೆ ಬಳಿಯಿರಿ. ಬುಗುಡಿ ಹೊರಗೆ ಬರುತ್ತದೆ. ಹೆಚ್ಚು ಬಳಿದು ಗೋಡೆಯೂ ಬಂತೇ? ಕಪ್ಪು ಬಣ್ಣ ಬಳಿಯಿರಿ, ಗೋಡೆ ಮತ್ತೆ ಮರೆಯಾಗುತ್ತದೆ. ಎಷ್ಟು ಸಲ ಬೇಕಾದರೂ.

ಬಿಳಿ ಬಳಿದಾಗ ಕಿವಿ ಕಾಣುವ ಬದಲು ಕಿವಿಯ ಮೇಲೆ ಬಿಳಿ ಬಣ್ಣವೇ ಬಿದ್ದರೆ ನೀವು ಮುಸುಕಿನ ಬದಲು ಫೋಟೊದ ಮೇಲೆ ಬಳಿಯುತ್ತಿದ್ದೀರಿ ಎಂದು ಅರ್ಥ. `Ctrl` `Z` ಒತ್ತಿ ಹಿಂದೆ ಬನ್ನಿ. ಮುಸುಕಿನ ಸಣ್ಣ ಚಿತ್ರದ ಮೇಲೆ ಒತ್ತಿ ಮತ್ತೆ ಶುರು ಮಾಡಿ.

ಹೊಸ ಪರದೆ ಇಳಿಬಿಡುವುದು

ಈಗ ಹಿನ್ನೆಲೆ. `Layer` ಒತ್ತಿ `New Layer` ಆರಿಸಿ. ಹೆಸರು ಕೇಳುತ್ತದೆ, `hinnele` ಎಂದು ಬರೆಯಿರಿ. ಹೆಸರು ಇಟ್ಟರೆ ಮುಂದೆ ಹುಡುಕಲು ಸುಲಭ. `Fill with` ಎಂಬಲ್ಲಿ `White` ಆರಿಸಿ `OK` ಒತ್ತಿ.

ಅರೆ! ಅತ್ತೆಯವರೇ ಕಾಣುವುದಿಲ್ಲ. ಎಲ್ಲ ಬೆಳ್ಳಗಾಗಿದೆ. ಹೊಸಬರು ಇಲ್ಲಿ ಎದೆ ಒಡೆದುಕೊಳ್ಳುತ್ತಾರೆ. ಆದದ್ದು ಇಷ್ಟೇ. ಹೊಸ ಪದರ ಮೇಲೆ ಬಂದು ಕೂತಿದೆ. ನಾಟಕದ ಪರದೆ ರಾಜನ ಹಿಂದೆ ಇಳಿಯುವ ಬದಲು ಮುಂದೆ ಇಳಿದಿದೆ. ಪಟ್ಟಿಯಲ್ಲಿ `hinnele` ಸಾಲನ್ನು ಮೌಸಿನಿಂದ ಹಿಡಿದು ಅತ್ತೆಯವರ ಸಾಲಿನ ಕೆಳಗೆ ಎಳೆದು ಬಿಡಿ. ಅತ್ತೆಯವರು ಮತ್ತೆ ಕಾಣುತ್ತಾರೆ, ಹಿಂದೆ ಬಿಳಿ. ಪಟ್ಟಿಯಲ್ಲಿ ಮೇಲಿರುವುದು ಚಿತ್ರದಲ್ಲಿ ಮುಂದೆ, ಕೆಳಗಿರುವುದು ಹಿಂದೆ. ಯಾವುದಾದರೂ ಮಾಯವಾದರೆ ಮೊದಲು ಈ ಪಟ್ಟಿಯನ್ನೇ ನೋಡಿ. ಕಣ್ಣು ಮುಚ್ಚಿದೆಯೋ? ಮೇಲೆ ಯಾವುದಾದರೂ ಗಟ್ಟಿ ಪದರ ಕೂತಿದೆಯೋ?

ನೀಲಿ ಹಾಕೋಣ. `hinnele` ಸಾಲಿನ ಮೇಲೆ ಒಮ್ಮೆ ಒತ್ತಿ. ಸಾಲಿನ ಬಣ್ಣ ಬದಲಾಗುತ್ತದೆ. ಈಗ ನಿಮ್ಮ ಕೈ ಆ ಪದರದ ಮೇಲಿದೆ ಎಂದು ಅದರ ಅರ್ಥ. ಬಕೆಟ್ಟಿನ ಚಿತ್ರದ ಉಪಕರಣ ತೆಗೆದುಕೊಂಡು, ನೀಲಿ ಆರಿಸಿ, ಬಿಳಿಯ ಮೇಲೆ ಒತ್ತಿ. ಇಡೀ ಹಿನ್ನೆಲೆ ನೀಲಿಯಾಗುತ್ತದೆ. ಸೀರೆಯ ಒಂದು ಚುಕ್ಕಿಯೂ ನೀಲಿಯಾಗುವುದಿಲ್ಲ, ಏಕೆಂದರೆ ಸೀರೆ ಇರುವುದು ಬೇರೆ ಪದರದಲ್ಲಿ. ಒಂದು ವೇಳೆ ಬಣ್ಣ ಅತ್ತೆಯವರ ಆಕಾರದ ಒಳಗೆ ಮಾತ್ರ ಬಿದ್ದರೆ ಇರುವೆ ಸಾಲು ಇನ್ನೂ ಉಳಿದಿದೆ ಎಂದು ತಿಳಿಯಿರಿ. `Select` ಒತ್ತಿ `None` ಕೊಟ್ಟು ಮತ್ತೆ ಮಾಡಿ.

ಆ ಅಕ್ಕ ಬಂದು ನೋಡುತ್ತಾಳೆ.

"ನೀಲಿ ಭಾಳ ದಟ್ಟ ಆತು ತಮ್ಮಾ. ಮಾರಿ ಕಪ್ಪ ಕಾಣ್ತೈತಿ."

ಹುಡುಗ `hinnele` ಸಾಲು ಒತ್ತಿ ತಿಳಿ ಬೂದು ಸುರಿಯುತ್ತಾನೆ. ಮುಖ ಬೆಳಗುತ್ತದೆ. ಮುಖವನ್ನು ಅವನು ಮುಟ್ಟಿಲ್ಲ. ಹಿಂದಿನ ಬಣ್ಣ ಬದಲಾದರೆ ಮುಂದಿನ ಮುಖ ಬೇರೆಯಾಗಿ ಕಾಣುತ್ತದೆ. ಅದಕ್ಕೇ ಎರಡು ಮೂರು ಬಣ್ಣ ಹಾಕಿ ನೋಡಬೇಕು. ಹಾಗೆ ನೋಡಲು ಹಿನ್ನೆಲೆ ಬೇರೆ ಇರಬೇಕು. ನನ್ನ ಕೇಳಿದರೆ ಮೂಲ ಫೋಟೊದ ಗೋಡೆ ತಿಳಿಯಾಗಿದ್ದರೆ ಹೊಸ ಹಿನ್ನೆಲೆಯೂ ತಿಳಿಯಾಗಿರಲಿ. ಆಗ ಅಂಚಿನಲ್ಲಿ ಉಳಿದ ಅಲ್ಪ ಸ್ವಲ್ಪ ಬೆರಕೆ ಚುಕ್ಕಿಗಳು ಕಣ್ಣಿಗೆ ಬೀಳುವುದಿಲ್ಲ. ತಿಳಿ ಗೋಡೆಯ ಮುಂದೆ ನಿಂತವರನ್ನು ಕಡು ನೀಲಿಯ ಮುಂದೆ ತಂದರೆ ಹಾರಾಡುವ ಕೂದಲಿನ ಸುತ್ತ ಬಿಳಿ ಬಿಳಿ ಎದ್ದು ಕಾಣುತ್ತದೆ.

ಪದರದಿಂದ ಆಗದ ಕೆಲಸ

ಪದರ ಇದ್ದ ಮಾತ್ರಕ್ಕೆ ಸಣ್ಣ ಫೋಟೊ ದೊಡ್ಡದಾಗುವುದಿಲ್ಲ. ಲಗ್ನದ ಫೋಟೊದಲ್ಲಿ ಹತ್ತು ಮಂದಿ ಇದ್ದಾರೆ. ಅದರಲ್ಲಿ ಅತ್ತೆಯವರ ಪಾಲಿಗೆ ಅಗಲದಲ್ಲಿ 400 ಚುಕ್ಕಿ ಸಿಕ್ಕಿವೆ ಅನ್ನೋಣ. ಚೆನ್ನಾದ ಮುದ್ರಣಕ್ಕೆ ಒಂದು ಇಂಚಿಗೆ 300 ಚುಕ್ಕಿ ಬೇಕು ಎನ್ನುತ್ತಾರೆ. 8 ಇಂಚು ಅಗಲ ತುಂಬಬೇಕಾದರೆ 2400 ಚುಕ್ಕಿ ಆಯಿತು. ನಮ್ಮಲ್ಲಿ ಇರುವುದು ಅದರ ಆರರಲ್ಲಿ ಒಂದು ಪಾಲು. ದೂರದಿಂದ ನೋಡುವ ಗೋಡೆ ಫೋಟೊಕ್ಕೆ ಇಂಚಿಗೆ 150 ಸಾಕು ಎಂದುಕೊಂಡರೂ 1200 ಬೇಕು. ಹಿಗ್ಗಿಸಿದರೆ ಮುಖ ಮಂಜಾಗುತ್ತದೆ. ಇಂಥಲ್ಲಿ ಫ್ರೇಮ್ ಚಿಕ್ಕದು ಮಾಡಿಸುವುದೇ ಸರಿ.

ಚುಕ್ಕಿ ಕಡಿಮೆಯಾಗಲು ಇನ್ನೊಂದು ಕಾರಣ ಉಂಟು. ಫೋಟೊವನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊ ಹಾಗೆ ಕಳಿಸಿದರೆ ಅದು ಚುಕ್ಕಿಗಳನ್ನು ಕಡಿಮೆ ಮಾಡಿ ಕಳಿಸುತ್ತದೆ. ಅದರ ಬದಲು `Document` ಎಂದು ಆರಿಸಿ ಕಳಿಸಿದರೆ ಫೋಟೊ ಇದ್ದ ಹಾಗೆಯೇ ಹೋಗುತ್ತದೆ. ಲಗ್ನದ ಫೋಟೊ ತೆಗೆದವರ ಹತ್ತಿರ ಮೂಲ ಇದ್ದರೆ ಅದನ್ನೇ ಕೇಳಿ ತರುವುದು ಇನ್ನೂ ಒಳ್ಳೆಯದು.

ಉಳಿಸುವಾಗ ಎರಡು ಪ್ರತಿ

ಕೆಲಸ ಮುಗಿದ ಮೇಲೆ ಉಳಿಸುವುದರಲ್ಲಿ ಒಂದು ಗುಟ್ಟಿದೆ. ಗಿಂಪ್‌ನಲ್ಲಿ `File` ಒತ್ತಿ `Save` ಕೊಟ್ಟರೆ ಕಡತದ ಹೆಸರಿನ ಕೊನೆಗೆ `.xcf` ಎಂದು ಬರುತ್ತದೆ. ಅದರಲ್ಲಿ ಮೂಲ ಪ್ರತಿ, ಅತ್ತೆಯವರ ಪದರ, ಮುಸುಕು, ಹಿನ್ನೆಲೆ ಎಲ್ಲ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಫೋಟೊಶಾಪ್‌ನಲ್ಲಿ ಇಂಥ ಕಡತದ ಕೊನೆಗೆ `.psd` ಇರುತ್ತದೆ.

ಮುದ್ರಣಕ್ಕೆ, ಮೊಬೈಲಿಗೆ ಬೇಕಾಗುವುದು `.jpg`. ಅದಕ್ಕೆ `File` ಒತ್ತಿ `Export As` ಆರಿಸಬೇಕು. ಈ ಬಗೆಯ ಕಡತದಲ್ಲಿ ಪದರಕ್ಕೆ ಜಾಗ ಇಲ್ಲ. ಎಲ್ಲ ಪದರಗಳನ್ನೂ ಒತ್ತಿ ಒಂದೇ ಹಾಳೆ ಮಾಡಿಬಿಡುತ್ತದೆ, ಮುಸುಕಿನ ಅಡಿಯ ಗೋಡೆಯನ್ನು ಬಿಟ್ಟುಬಿಡುತ್ತದೆ. ಆಲ್ಫಾ ಅಂಕಿಗೂ ಅದರಲ್ಲಿ ಜಾಗ ಇಲ್ಲ. ಆದ್ದರಿಂದ ಖಾಲಿ ಜಾಗ ಇದ್ದರೆ ಅಲ್ಲಿ ಯಾವುದಾದರೂ ಬಣ್ಣ ತುಂಬುತ್ತದೆ, ಹೆಚ್ಚಾಗಿ ಬಿಳಿ. ಹಿನ್ನೆಲೆ ಖಾಲಿಯೇ ಇರಬೇಕು ಎಂದಿದ್ದರೆ `.png` ಎಂದು ಉಳಿಸಬೇಕು. ಅದು ಖಾಲಿಯನ್ನು ಖಾಲಿಯಾಗಿಯೇ ಇಡುತ್ತದೆ, ಆದರೆ ಪದರಗಳನ್ನು ಅದೂ ಇಡುವುದಿಲ್ಲ.

ಹೀಗಾಗಿ ಎರಡು ಪ್ರತಿ ಬೇಕು, `atte.xcf` ಒಂದು, `atte.jpg` ಒಂದು. ಸ್ಟುಡಿಯೊದಲ್ಲಿ ಮಾಡಿಸಿದರೆ ಬರೀ ಫ್ರೇಮ್ ತೆಗೆದುಕೊಂಡು ಬರಬೇಡಿ. "ತಮ್ಮಾ, ಪದರ ಇರೋ ಫೈಲೂ ಪೆನ್ ಡ್ರೈವಿಗೆ ಹಾಕಿ ಕೊಡು" ಎಂದು ಕೇಳಿ. ಆರು ತಿಂಗಳು ಬಿಟ್ಟು ಅತ್ತೆಯವರ ಮಗಳು ಬಂದು, ತನ್ನ ಮನೆಗೂ ಒಂದು ಫೋಟೊ ಬೇಕು, ಹಿಂದೆ ಬಿಳಿ ಇರಲಿ ಎಂದರೆ ಆ ಫೈಲು ತೆರೆದು `hinnele` ಸಾಲು ಒತ್ತಿ ಬಿಳಿ ಸುರಿದು ಮತ್ತೊಂದು `.jpg` ತೆಗೆದರಾಯಿತು. ಅದು ಇಲ್ಲದಿದ್ದರೆ ಲಗ್ನದ ಫೋಟೊ ಹುಡುಕಿ, ಕಿವಿಯಿಂದ ಸೆರಗಿನ ತನಕ ಮತ್ತೆ ಚುಕ್ಕಿ ಇಡುತ್ತ ಬರಬೇಕು.